ದಾಲ್ ಸರೋವರದ ದೋಣಿಮನೆ ಮತ್ತು ತಿಂಗಳಿಗೆ ಎರಡೂವರೆ ಸಾವಿರ

ಗುರುತು ಸಿಗಬಾರದೆಂದು ಕೆಲಸ, ಓಣಿ ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಲೆಕ್ಕವನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ.

ದಾವಣಗೆರೆಯ ಗಂಡ ಹೆಂಡತಿ ಹಣದ ಸಲಹೆ ಕೇಳಲು ನನ್ನ ಬಳಿ ಬಂದದ್ದು ಏಪ್ರಿಲ್ ಕೊನೆಯಲ್ಲಿ. ಆಕೆ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ, ಪತಿ ಕಾರ್ಖಾನೆಯಲ್ಲಿ ಫಿಟ್ಟರ್. ಮಗಳು ಒಂಬತ್ತನೆಯ ತರಗತಿಗೆ, ಮಗ ಆರನೆಯ ತರಗತಿಗೆ ಹೋಗುವವರಿದ್ದರು. ಇಬ್ಬರ ಸಂಬಳ ಸೇರಿ ಕೈಗೆ ಬರುವುದು 42,000 ರೂಪಾಯಿ. ಮಗಳು ಹತ್ತನೆಯ ತರಗತಿಗೆ ಕಾಲಿಡುವ ಮೊದಲು, ಅಂದರೆ ಮುಂದಿನ ಬೇಸಿಗೆ ರಜೆಯಲ್ಲಿ, ಕಾಶ್ಮೀರಕ್ಕೆ ಹೋಗಬೇಕೆಂಬುದು ಮನೆಯವರೆಲ್ಲರ ಆಸೆ. ಜಗಳ ಶುರುವಾದದ್ದು ಹಣದ ದಾರಿಯ ಬಗ್ಗೆ. ಸಾಲ ಮಾಡಿ ಹೋಗಿಬರೋಣ, ಆಮೇಲೆ ಕಂತು ಕಟ್ಟಿದರಾಯಿತು ಎಂದು ಪತಿ. ಸಾಲದ ಹೆಸರೆತ್ತಿದರೆ ಪ್ರವಾಸವೇ ಬೇಡ ಎಂದು ಆಕೆ. ಎರಡು ವಾರದಿಂದ ಮಾತುಕತೆ ನಿಂತಿತ್ತು.

ಅವರ ಕೈಯಲ್ಲೊಂದು ನೋಟುಪುಸ್ತಕವಿತ್ತು. ಮೊದಲ ಪುಟದಲ್ಲಿ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ ದಾಲ್ ಸರೋವರದ ಚಿತ್ರ, ಅದರ ಕೆಳಗೆ ಖರ್ಚಿನ ಅಂದಾಜು: 1,40,000. ನಾನು ಆ ಪುಟವನ್ನು ಮುಚ್ಚಿ, ಕೊನೆಯ ಮೂರು ತಿಂಗಳ ಪಾಸ್‌ಬುಕ್ ತನ್ನಿರಿ ಎಂದೆ. ಪ್ರವಾಸದ ಲೆಕ್ಕವನ್ನು ಊರಿನ ಹೆಸರಿನಿಂದ ಆರಂಭಿಸಿದವರು ಸಾಮಾನ್ಯವಾಗಿ ಸಾಲದಲ್ಲಿ ಮುಗಿಸುತ್ತಾರೆ. ಉಳಿಯುವುದು ಎಷ್ಟು ಎಂಬುದು ಮೊದಲು ತಿಳಿಯಬೇಕು.

ತಿಂಗಳಿಗೆ 6,000 ಉಳಿಸಬಹುದು ಎಂದು ಇಬ್ಬರೂ ನಂಬಿದ್ದರು. ಪಾಸ್‌ಬುಕ್ ಬೇರೆಯೇ ಮಾತು ಹೇಳಿತು. ಸಾಮಾನ್ಯ ತಿಂಗಳಲ್ಲಿ ಉಳಿಯುತ್ತಿದ್ದದ್ದು ಸುಮಾರು 3,200. ಶಾಲೆಯ ಶುಲ್ಕ ಕಟ್ಟುವ ಜೂನ್‌ನಲ್ಲಿ ಅದೂ ಇರುವುದಿಲ್ಲ. ಸಂಜೆಯ ಮಂಡಕ್ಕಿ ಮಿರ್ಚಿಗೆಂದು ಮೊಬೈಲಿನಿಂದ ಕೊಟ್ಟ ಸಣ್ಣ ಮೊತ್ತಗಳ ಸಾಲನ್ನು ತೋರಿಸಿ, ಇದನ್ನು ನಿಲ್ಲಿಸುತ್ತೇವೆ ಎಂದು ಪತಿ ಹೇಳಿದರು. ಬೇಡ ಎಂದೆ. ನಾಲ್ವರೂ ಒಟ್ಟಿಗೆ ಕೂರುವುದು ಆ ಒಂದು ಹೊತ್ತಿನಲ್ಲಿ ಮಾತ್ರ. ಅದನ್ನು ಕಿತ್ತುಕೊಂಡು ಕಟ್ಟಿದ ಉಳಿತಾಯ ಮೂರನೆಯ ತಿಂಗಳಿಗೆ ಮುರಿದುಬೀಳುತ್ತದೆ.

ಸಾಲದ ಮಾತನ್ನು ಲೆಕ್ಕವೇ ಬಗೆಹರಿಸಿತು. 1,40,000 ರೂಪಾಯಿಯನ್ನು ಶೇಕಡಾ 14ರ ಬಡ್ಡಿಗೆ ಎರಡು ವರ್ಷಕ್ಕೆ ತೆಗೆದುಕೊಂಡರೆ ತಿಂಗಳ ಕಂತು 6,700 ದಾಟುತ್ತದೆ. ಉಳಿಯುವುದು 3,200. ಪತಿ ಆ ಎರಡು ಅಂಕಿಗಳನ್ನು ಒಂದರ ಕೆಳಗೊಂದು ಬರೆದು, ಸ್ವಲ್ಪ ಹೊತ್ತು ನೋಡುತ್ತ ಕುಳಿತರು. ಮತ್ತೆ ಸಾಲದ ಪ್ರಸ್ತಾಪ ಬರಲಿಲ್ಲ.

ತಿಂಗಳ ಉಳಿತಾಯದ ಕಂತನ್ನು 2,500ಕ್ಕೆ ಮಿತಿಗೊಳಿಸಲು ಹೇಳಿದೆ. ಉಳಿದ 700 ಜೂನ್‌ನ ಹೊಡೆತಕ್ಕೆ. ಹಣ ಎಲ್ಲಿಡಬೇಕೆಂಬುದರಲ್ಲಿ ಒಂದು ತಪ್ಪು ಆಗಲಿದ್ದದ್ದು ತಪ್ಪಿತು. ಪತಿ ಅಂಚೆ ಕಚೇರಿಯ ಆರ್‌ಡಿ, ಅಂದರೆ ತಿಂಗಳ ಕಂತಿನ ಠೇವಣಿ, ತೆರೆಯಲು ಹೊರಟಿದ್ದರು. ಅದು ಐದು ವರ್ಷದ ಖಾತೆ, ಮೂರು ವರ್ಷ ತುಂಬುವ ಮೊದಲು ಮುಚ್ಚಲು ಬರುವುದಿಲ್ಲ. ಒಂದು ವರ್ಷದ ಗುರಿಗೆ ಬ್ಯಾಂಕಿನ 12 ತಿಂಗಳ ಆರ್‌ಡಿ ಸರಿ. ಓಣಿಯ ಚೀಟಿಗೆ ಸೇರುವ ಯೋಚನೆ ಆಕೆಗಿತ್ತು. ನೋಂದಣಿಯಿಲ್ಲದ ಚೀಟಿ ಮುಳುಗಿದರೆ ಕೇಳುವವರಿರುವುದಿಲ್ಲ. ಬೇಕಾದ ತಿಂಗಳಲ್ಲೇ ಹಣ ಎತ್ತಬೇಕೆಂದರೆ ಹರಾಜಿನಲ್ಲಿ ಒಂದು ಪಾಲನ್ನು ಬಿಟ್ಟುಕೊಡಬೇಕಾಗುತ್ತದೆ.

12 ಕಂತಿಗೆ 30,000, ಶೇಕಡಾ ಆರೂವರೆಯ ಬಡ್ಡಿಯೆಂದರೆ ಸುಮಾರು ಒಂದು ಸಾವಿರ. ಇಷ್ಟು ಕಡಿಮೆಯೇ ಎಂದು ಆಕೆ ಬೇಸರಪಟ್ಟರು. ಮೊದಲ ಕಂತಿಗೆ ಮಾತ್ರ ಪೂರ್ತಿ ವರ್ಷದ ಬಡ್ಡಿ, ಕೊನೆಯದಕ್ಕೆ ಒಂದೇ ತಿಂಗಳದ್ದು. ಹಾಗಾಗಿ ಕಾಲು ಶೇಕಡಾ ಹೆಚ್ಚು ಬಡ್ಡಿಗಾಗಿ ಬ್ಯಾಂಕಿನಿಂದ ಬ್ಯಾಂಕಿಗೆ ಅಲೆಯುವುದರಲ್ಲಿ ಅರ್ಥವಿಲ್ಲ. ದೀಪಾವಳಿಯ ಬೋನಸ್ 8,000 ಸೇರಿದರೆ ನಿಧಿ 39,000.

ಈಗ ನೋಟುಪುಸ್ತಕದ ಮೊದಲ ಪುಟ ತೆರೆಸಿದೆ. ಕಾಶ್ಮೀರದಲ್ಲಿ ನಿಮಗೆ ಬೇಕಾದದ್ದೇನು ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಮಗಳಿಗೆ ಹಿಮ ಬೇಕು ಎಂದು ಇಬ್ಬರೂ ಹೇಳಿದರು. ತಮ್ಮ ಮಾತಿಗೆ ಬಂದಾಗ ಪತಿ ದೋಣಿಮನೆ ಎಂದರು. ಆಕೆ ತಡವರಿಸಿ, ‘ನೀರಿನ ಮೇಲೆ ಕೂತಿರಬೇಕು ಮೇಡಂ, ಊಟ ಬೇರೆಯವರು ಬಡಿಸಬೇಕು, ಅಷ್ಟೇ’ ಎಂದರು. ಹಿಮ ಈ ನಿಧಿಯಲ್ಲಿ ಸಿಗದು. ನೀರು ಮತ್ತು ಬಡಿಸಿದ ಊಟ ಸಿಗುತ್ತದೆ.

ಊರನ್ನು ನಿಧಿಗೆ ಅಳೆಯಲು ನಾನು ಬಳಸುವ ಅಳತೆ ಒಂದೇ: ಹೋಗಿಬರುವ ದಾರಿಗೆ ನಿಧಿಯ ಕಾಲು ಭಾಗಕ್ಕಿಂತ ಹೆಚ್ಚು ಹೋದರೆ ಆ ಊರು ಈ ವರ್ಷಕ್ಕೆ ದೂರ. ನಾಲ್ವರೆಂದರೆ ಪ್ರತಿ ಟಿಕೆಟ್ಟನ್ನೂ ಎಂಟರಿಂದ ಗುಣಿಸಬೇಕು. ಕೇರಳದ ಆಲಪ್ಪುಳದಲ್ಲಿ ಅಳೆದು ನೋಡಿದೆವು. ಬೆಂಗಳೂರಿಗೆ ರೈಲು, ಅಲ್ಲಿಂದ ರಾತ್ರಿ ರೈಲಿನಲ್ಲಿ ಎರ್ನಾಕುಲಂ, ಮುಂದೆ ಬಸ್ಸು. ಸ್ಲೀಪರ್ ದರ್ಜೆಯಲ್ಲಿ ಎಲ್ಲ ಸೇರಿ 6,000. ಊಟ ಸಹಿತ ಒಂದು ರಾತ್ರಿಯ ದೋಣಿಮನೆಗೆ ಅವರು ವಿಚಾರಿಸಿ ತಂದ ದರ 11,000. ಕೊಚ್ಚಿಯದೂ ಸೇರಿ ಉಳಿದ ಮೂರು ರಾತ್ರಿಯ ವಸತಿ 6,000, ನಾಲ್ಕು ದಿನದ ಊಟ ತಿರುಗಾಟ 7,200. ಒಟ್ಟು 30,200. ನಿಧಿಯ ಹತ್ತನೆಯ ಒಂದು ಭಾಗವನ್ನು ಜ್ವರಕ್ಕೆ, ತಪ್ಪಿದ ಬಸ್ಸಿಗೆ ಎತ್ತಿಟ್ಟರೂ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಉಳಿಯುತ್ತದೆ. ದೋಣಿಗೆ ಒಂದೇ ರಾತ್ರಿ ಸಾಕೆಂದೆ. ಮೀನುಗಾರರು ಬಲೆ ಹಾಕುವುದರಿಂದ ದೋಣಿಗಳು ಸಂಜೆ ಐದೂವರೆಯ ಹೊತ್ತಿಗೆ ದಡಕ್ಕೆ ಕಟ್ಟಿಕೊಳ್ಳುತ್ತವೆ. ಎರಡನೆಯ ರಾತ್ರಿಯ ದುಡ್ಡು ನಿಂತ ದೋಣಿಗೆ ಕೊಟ್ಟಂತೆ.

ಮತ್ತೊಂದು ಸಲಹೆಯನ್ನು ಒತ್ತಿ ಹೇಳಿದೆ. ಆರ್‌ಡಿ ಕೈಗೆ ಬರುವುದು ಮೇ ಮೊದಲ ವಾರ, ಪ್ರಯಾಣ ಮೇ ಎರಡನೆಯ ವಾರ. ಆದರೆ ರೈಲಿನ ಮುಂಗಡ ಟಿಕೆಟ್ 60 ದಿನ ಮೊದಲೇ ತೆರೆಯುತ್ತದೆ (2024ರ ಅಕ್ಟೋಬರ್ ಕೊನೆಯವರೆಗೆ 120 ದಿನವಿತ್ತು). ಬೇಸಿಗೆ ರಜೆಯ ಟಿಕೆಟ್ ತೆರೆದ ದಿನವೇ ಹಿಡಿಯಬೇಕು, ದೋಣಿಗೂ ಮುಂಗಡ ಕೊಡಬೇಕು. ಅಂದರೆ ಹಣ ಬೇಕಾಗುವುದು ಮಾರ್ಚ್‌ನಲ್ಲಿ, ಬೀಗ ತೆರೆಯುವುದು ಮೇ ತಿಂಗಳಲ್ಲಿ. ಅದಕ್ಕಾಗಿ ಬೋನಸ್ಸಿನ 8,000 ಆರ್‌ಡಿಗೆ ಸೇರದೆ ಉಳಿತಾಯ ಖಾತೆಯಲ್ಲೇ ಇರಲಿ ಎಂದೆ.

ನಾನು ಕೇಳಬೇಕಾಗಿದ್ದ ಒಂದು ಪ್ರಶ್ನೆ ಬಿಟ್ಟುಹೋಗಿತ್ತು. ಅದು ದುಗ್ಗಮ್ಮನ ಜಾತ್ರೆಯ ಸರದಿಯ ವರ್ಷ. ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಗೆ ಮನೆತುಂಬ ನೆಂಟರು ಬರುತ್ತಾರೆ, ಹೊಸ ಬಟ್ಟೆ, ಬಾಡೂಟ, ಯಾವುದನ್ನೂ ತಪ್ಪಿಸಲಾಗದು. ಮಾರ್ಚ್ ಆರಂಭದಲ್ಲಿ ಆಕೆ ಫೋನ್ ಮಾಡಿ, ಬೋನಸ್ ಹಣವನ್ನು ಮುಟ್ಟಲೇ ಎಂದು ಕೇಳಿದರು. ಬೇಡ, ಆ ತಿಂಗಳ ಕಂತನ್ನು ಬಿಡಿ ಎಂದೆ. ಕಂತು ತಪ್ಪಿದರೆ ಬ್ಯಾಂಕು ಸಣ್ಣ ದಂಡ ಹಿಡಿಯಬಹುದು. ಟಿಕೆಟ್ ತಪ್ಪಿದರೆ ಪ್ರವಾಸವೇ ತಪ್ಪುತ್ತದೆ. ಕಡಿಮೆ ಬಿದ್ದರೆ ಮೊದಲು ಕೊಚ್ಚಿಯ ಕೊನೆಯ ರಾತ್ರಿಯನ್ನು ಬಿಡುವುದು, ಎತ್ತಿಟ್ಟ ಹಣವನ್ನು ಮುಟ್ಟದಿರುವುದು ಎಂದು ಏಪ್ರಿಲ್‌ನಲ್ಲೇ ಬರೆದುಕೊಂಡಿದ್ದೆವು. ಆ ರಾತ್ರಿ ಹೋಯಿತು. ವಸತಿ, ಊಟ ಸೇರಿ 3,800 ಉಳಿಯಿತು, ತಪ್ಪಿದ ಕಂತಿನ ಕೊರತೆ ತುಂಬಿತು.

ಜೂನ್‌ನಲ್ಲಿ ಇಬ್ಬರೂ ಬಂದಿದ್ದರು. ದೋಣಿಯಲ್ಲಿ ಕರಿಮೀನು ಬಡಿಸುವಾಗ ಆಕೆ ಅಭ್ಯಾಸಬಲದಿಂದ ಎದ್ದು ನಿಂತರಂತೆ, ಮಗ ಕೈಹಿಡಿದು ಕೂರಿಸಿದನಂತೆ. ಎತ್ತಿಟ್ಟಿದ್ದರಲ್ಲಿ 2,300 ಮಿಕ್ಕಿತ್ತು. ನೋಟುಪುಸ್ತಕದ ಎರಡನೆಯ ಪುಟದಲ್ಲಿ ಮಗಳು ತನ್ನ ಕೈಬರಹದಲ್ಲಿ ಹೊಸ ಲೆಕ್ಕ ಶುರುಮಾಡಿದ್ದಳು: ಹಿಮ, 36 ತಿಂಗಳು. ಜಾತ್ರೆ ಬರುವ ವರ್ಷವನ್ನು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದಳು.