ಮೊದಲು ರೀಡ್ ಬದಲಿಸಿ, ಆಮೇಲೆ ತುಟಿ ನೋಡೋಣ

“ಆಲ್ಟೋ ಸ್ಯಾಕ್ಸೋಫೋನ್ ಶುರು ಮಾಡಿ ಮೂರು ವಾರ, 3ನೇ ನಂಬರ್ ರೀಡ್. ಬರೀ ಗಾಳಿ ಸದ್ದು, ಕೆಳತುಟಿ ಉರಿ. ತಪ್ಪು ತುಟಿಯದಾ, ರೀಡಿನದಾ?”

ಶುರು ರೀಡಿಂದಲೇ ಆಗಿರಬೇಕು. 3 ನಿಮಗೆ ಈಗ ಗಟ್ಟಿ. ಅದು ಅಲುಗಾಡದೆ ಗಾಳಿ ಸುಮ್ನೆ ಸೋರುತ್ತದೆ, ನೀವು ಕಚ್ಚುತ್ತೀರಿ, ತುಟಿ ಉರಿಯುತ್ತದೆ. 2 ಅಥವಾ 2½ ಹಾಕಿ. ನಾನೂ ಜಂಬಕ್ಕೆ 3 ಕೊಂಡು ತಿಂಗಳು ಒದ್ದಾಡಿದ್ದೆ!

ಮೇಲಿನ ಹಲ್ಲು ಮೌತ್‌ಪೀಸ್ ಮೇಲೆ ಕೂರಲಿ. ಕೆಳತುಟಿ ಹಲ್ಲಿನ ಮೇಲೆ ಸ್ವಲ್ಪವೇ ಮಡಚಿರಲಿ. ಬಾಯಿಯ ಮೂಲೆಗಳು ಒಳಕ್ಕೆ ಬರಲಿ. ರೀಡ್ ಮತ್ತು ಮೌತ್‌ಪೀಸ್ ನಡುವೆ ತೆಳು ಕಾಗದ ತೂರಿಸಿ. ಅದು ಎಲ್ಲಿ ನಿಲ್ಲುತ್ತದೋ, ಸುಮಾರು ಅಲ್ಲೇ ಕೆಳತುಟಿ ಇರಬೇಕು.

ಆಮೇಲೆ ಬರೀ ಮೌತ್‌ಪೀಸ್ ಊದಿ, ಟ್ಯೂನರ್ ನೋಡಿ. ಆಲ್ಟೋದಲ್ಲಿ A ಹತ್ತಿರ, ಅಂದರೆ 880 ಹರ್ಟ್ಜ್ ಬರಬೇಕು. ಅದಕ್ಕಿಂತ ಜಾಸ್ತಿ ಬಂದರೆ ಇನ್ನೂ ಕಚ್ಚುತ್ತಿದ್ದೀರಿ ಅಂತಲೇ ಅರ್ಥ.