ಬೇಗ ಕೊಟ್ಟವರಿಗೆ ರಿಯಾಯಿತಿ, ತಡ ಮಾಡಿದವರಿಗೆ ಲೇಟ್ ಫೀ: ಎಷ್ಟು ಇಡಬೇಕು?

"ಹೌಸ್‌ಕೀಪಿಂಗ್ ಸರ್ವಿಸ್ ನಡೆಸ್ತೀನಿ. ಬಿಲ್ ದುಡ್ಡು ಬೇಗ ಕೊಟ್ಟರೆ 5% ಬಿಡೋದು, ತಡ ಆದರೆ 1% ಲೇಟ್ ಫೀ ಹಾಕೋದು ಅಂದುಕೊಂಡಿದ್ದೀನಿ. ಸರೀನಾ?"

ನಾನೂ ಇದೇ 5% ಇಟ್ಟು ಕೈ ಸುಟ್ಟುಕೊಂಡವನು. ನನ್ನದು ಪೀಣ್ಯದ ಸುತ್ತ ಎಸಿ ಸರ್ವಿಸ್. ಬಿಲ್ಲಿನ ಕೆಳಗೆ ಒಂದೇ ಸಾಲು ಹಾಕಿದ್ದೆ: "10 ದಿನದೊಳಗೆ ಪಾವತಿಸಿದರೆ 5% ರಿಯಾಯಿತಿ." ಯಾವತ್ತಿನಿಂದ 10 ದಿನ ಅಂತ ಬರೆದಿರಲಿಲ್ಲ. ಅದೇ ತಪ್ಪು.

ಒಂದು ಕಾರ್ಖಾನೆಗೆ ತಿಂಗಳಿಗೆ 60,000ದ ಬಿಲ್, ಜಿಎಸ್‌ಟಿ 10,800, ಒಟ್ಟು 70,800. ದುಡ್ಡು ಬಂದದ್ದು 38ನೇ ದಿನ. ಟಿಡಿಎಸ್ ಹಿಡಿದದ್ದು ಇರಲಿ, ಅದರ ಮೇಲೆ ಇನ್ನೂ 3,540 ಕಡಿಮೆ! ಫೋನ್ ಮಾಡಿದೆ. ಅಕೌಂಟ್ಸ್ ಹುಡುಗ ತಣ್ಣಗೆ ಹೇಳಿದ: "ಸರ್, ಬಿಲ್ ಅಪ್ರೂವ್ ಆಗಿದ್ದು 29ನೇ ದಿನ. ಅಲ್ಲಿಂದ ಒಂಬತ್ತೇ ದಿನ ಅಲ್ವಾ?" ಸೂಪರ್‌ವೈಸರ್ ಸಹಿ, ಆಮೇಲೆ ಅಡ್ಮಿನ್, ಆಮೇಲೆ ಅಕೌಂಟ್ಸ್ ಅಂತ ನನ್ನ ಬಿಲ್ ಅವರದೇ ಮೇಜುಗಳ ಮೇಲೆ ತಿಂಗಳಿಡೀ ಮಲಗಿತ್ತು, ರಿಯಾಯಿತಿ ಮಾತ್ರ ಅವರಿಗೇ. 5% ಯಾವುದರ ಮೇಲೆ ಅಂತಲೂ ಬರೆದಿರಲಿಲ್ಲವಲ್ಲ, ಜಿಎಸ್‌ಟಿ ಸೇರಿಸಿಯೇ ಕಳೆದಿದ್ದರು. ನಾನಾಗಲೇ ಪೂರ್ತಿ 10,800 ಸರ್ಕಾರಕ್ಕೆ ಕಟ್ಟಿ ಆಗಿತ್ತು. ಜಗಳ ಆಡಿದರೆ ಕಾಂಟ್ರಾಕ್ಟ್ ಹೋಗುತ್ತೆ ಅಂತ ನಾಲ್ಕು ತಿಂಗಳು ಸುಮ್ಮನಿದ್ದೆ. 14,160 ಹೋಯಿತು.

ಇನ್ನೊಂದು ಕಡೆ, ಯಾವಾಗಲೂ ವಾರದೊಳಗೆ ಕೊಡುತ್ತಿದ್ದ ಕ್ಲಿನಿಕ್‌ಗೂ ಸುಮ್ನೆ 5% ಬಿಟ್ಟುಕೊಟ್ಟೆ.

ಅದಕ್ಕೇ ಹೇಳೋದು, ಈ ರಿಯಾಯಿತಿಯೇ ಬೇಡ. 30 ದಿನಕ್ಕೆ ಬರುವ ದುಡ್ಡು 10 ದಿನಕ್ಕೆ ಬರಲಿ ಅಂತ 5% ಬಿಟ್ಟರೆ, 20 ದಿನಕ್ಕೆ 95 ರೂಪಾಯಿ ಮೇಲೆ 5 ರೂಪಾಯಿ ಬಡ್ಡಿ ಕೊಟ್ಟ ಹಾಗೆ. ವರ್ಷಕ್ಕೆ ಹಿಡಿದರೆ 96%! 2% ಬಿಟ್ಟರೂ 37% ಆಗುತ್ತೆ. ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ ಇದಕ್ಕಿಂತ ಎಷ್ಟೋ ಅಗ್ಗ. ಕೊಡಲೇಬೇಕು ಅಂದರೆ 1% ಸಾಕು. "ಬಿಲ್ ತಾರೀಖಿನಿಂದ 10 ದಿನದೊಳಗೆ ನಮ್ಮ ಖಾತೆಗೆ ಜಮಾ ಆದರೆ, ಜಿಎಸ್‌ಟಿ ಬಿಟ್ಟು ಮೂಲ ಮೊತ್ತದ ಮೇಲೆ" ಅಂತ ಕಾಂಟ್ರಾಕ್ಟಿನಲ್ಲೇ ಬರೆಸಿ. ಬಿಲ್ಲಿನ ಕೆಳಗೆ ಮಾತ್ರ ಬರೆದರೆ ಸಾಲದು.

ಲೇಟ್ ಫೀ 1% ಕೂಡ ನನಗೆ ಹಿಡಿಸಲಿಲ್ಲ. ವಸೂಲಿ ಆದರೆ ಅದಕ್ಕೂ ಜಿಎಸ್‌ಟಿ ಕಟ್ಟಬೇಕು. ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ವ್ಯವಹಾರಕ್ಕೆ ಅದಕ್ಕಿಂತ ಜಾಸ್ತಿ ಬಡ್ಡಿ 2006ರ ಎಂಎಸ್‌ಎಂಇ ಕಾಯ್ದೆಯಲ್ಲೇ ಇದೆ. ಲಿಖಿತ ಒಪ್ಪಂದ ಇದ್ದರೆ ದುಡ್ಡು ಕೊಡೋ ಗಡುವು ಅದರಲ್ಲಿ ಹೇಳಿದ ದಿನ, ಅದೂ ಹೆಚ್ಚೆಂದರೆ 45 ದಿನ. ಒಪ್ಪಂದ ಇಲ್ಲದಿದ್ದರೆ 15 ದಿನ. ಅದು ದಾಟಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳ ಲೆಕ್ಕದಲ್ಲಿ ಚಕ್ರಬಡ್ಡಿ. ಉದ್ಯಮ್ ನಂಬರ್ ಬಿಲ್ಲಿನ ಮೇಲೆ ಎದ್ದು ಕಾಣೋ ಹಾಗೆ ಹಾಕಿ. ನಾನು ಈ ಬಡ್ಡಿ ಒಮ್ಮೆಯೂ ವಸೂಲಿ ಮಾಡಿಲ್ಲ, ನಂಬರ್ ಮಾತ್ರ ಪ್ರತಿ ಬಿಲ್ಲಲ್ಲೂ ಇರುತ್ತೆ. ಗ್ರಾಹಕ ಕಂಪನಿ ಗಡುವಿನೊಳಗೆ ನಮಗೆ ಕೊಡದೆ ವರ್ಷ ಮುಗಿದರೆ ಆ ಖರ್ಚನ್ನು ಅವರು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸೋಕೆ ಆಗಲ್ಲ ಅನ್ನೋ ನಿಯಮ ಬಂದ ಮೇಲೆ, 2024ರ ಮಾರ್ಚ್‌ನಲ್ಲಿ ಅದೇ ಅಕೌಂಟ್ಸ್ ಹುಡುಗನೇ ಫೋನ್ ಮಾಡಿದ: "ಸರ್, ನಿಮ್ದು ಏನಾದ್ರೂ ಬಾಕಿ ಇದೆಯಾ? ಆಡಿಟರ್ ಕೇಳ್ತಿದ್ದಾರೆ."