ಬಾಂಡ್ ಇರುವ ಕೋರ್ಸನ್ನು ಬೇಡ ಎನ್ನುವುದು ಹೇಗೆ?

"ಕಂಪನಿ ತನ್ನ ಖರ್ಚಿನಲ್ಲಿ ಕೋರ್ಸ್ ಮಾಡಿಸುತ್ತದಂತೆ, ಆದರೆ 3 ವರ್ಷ ಕೆಲಸ ಬಿಟ್ಟು ಹೋಗುವಂತಿಲ್ಲ ಎಂಬ ಬಾಂಡ್ ಇದೆ. ನನಗೆ ಬೇಡ. ಹೇಗೆ ಹೇಳಲಿ?"

ಹೇಳುವ ಮುಂಚೆ ಬಾಂಡ್‌ನ ಕರಡು ಪ್ರತಿ ಕೇಳಿ ತರಿಸಿಕೊಂಡು ಎರಡು ಸಾಲು ಹುಡುಕಿ: 3 ವರ್ಷದ ಲೆಕ್ಕ ಯಾವ ದಿನದಿಂದ ಶುರುವಾಗುತ್ತದೆ, ಮತ್ತು ನಡುವೆ ಕೆಲಸ ಬಿಟ್ಟರೆ ಕಟ್ಟಬೇಕಾದ ಮೊತ್ತ ತಿಂಗಳು ಕಳೆದಂತೆ ಇಳಿಯುತ್ತದೆಯೇ. ನಿಮ್ಮ ನಿರ್ಧಾರ ನಿಲ್ಲುವುದು ಈ ಎರಡರ ಮೇಲೆಯೇ.

ಒಂದು ಲೆಕ್ಕ ನೋಡಿ. ಕೋರ್ಸ್ 3 ತಿಂಗಳದ್ದು, ಶುಲ್ಕ ನಿಮ್ಮ 2 ತಿಂಗಳ ಸಂಬಳದಷ್ಟು. ಬಾಂಡ್‌ನಲ್ಲಿ ಮಾತ್ರ ಮೊತ್ತ 6 ತಿಂಗಳ ಸಂಬಳ ಎಂದಿದೆ. ಯಾಕೆಂದರೆ ತರಬೇತಿಯ 3 ತಿಂಗಳಲ್ಲಿ ನಿಮಗೆ ಕೊಡುವ ಸಂಬಳವನ್ನೂ, ಪ್ರಯಾಣ ಮತ್ತು ವಸತಿಗೆಂದು ಇನ್ನೊಂದು ತಿಂಗಳದ್ದನ್ನೂ ಸೇರಿಸಿದ್ದಾರೆ. ಅವಧಿ ಶುರುವಾಗುವುದು ಸರ್ಟಿಫಿಕೇಟ್ ಬಂದ ದಿನದಿಂದ, ಅದು ಬರುವುದು ಕೋರ್ಸ್ ಮುಗಿದು 3 ತಿಂಗಳಿಗೆ. ಅಂದರೆ 36 ತಿಂಗಳು ಎಂದುಕೊಂಡದ್ದು ಕೋರ್ಸ್ ಶುರುವಾದ ದಿನದಿಂದ ಎಣಿಸಿದರೆ ನಿಜದಲ್ಲಿ 42. ಸರ್ಟಿಫಿಕೇಟ್ ಬಂದು 30 ತಿಂಗಳಾದ ಮೇಲೆ ಬಿಟ್ಟರೂ ಇಳಿಕೆಯಿಲ್ಲದ ಬಾಂಡ್‌ನಲ್ಲಿ ಪೂರ್ತಿ 6 ತಿಂಗಳ ಸಂಬಳ ಕೇಳುತ್ತಾರೆ. ತಿಂಗಳ ಲೆಕ್ಕದಲ್ಲಿ ಇಳಿಯುವಂತಿದ್ದರೆ ಉಳಿದ 6 ತಿಂಗಳಿಗೆ ಮಾತ್ರ, ಅಂದರೆ 1 ತಿಂಗಳ ಸಂಬಳ. ಕಂಪನಿಯೇ ನಿಮ್ಮನ್ನು ತೆಗೆದರೆ ಕಟ್ಟಬೇಕೇ ಎಂಬುದನ್ನೂ ನೋಡಿ. ಆ ಬಗ್ಗೆ ಒಂದು ಮಾತೂ ಇಲ್ಲದ ಬಾಂಡ್‌ಗೆ ನಾನಾದರೆ ಸಹಿ ಹಾಕುವುದಿಲ್ಲ.

ಆಮೇಲೂ ಬೇಡ ಎನಿಸಿದರೆ, ಸೀಟು ಕಾಯ್ದಿರಿಸುವ ಮೊದಲೇ ತಿಳಿಸಿ. ಶುಲ್ಕ ಕಟ್ಟಿದ ಮೇಲೆ ಹಿಂದೆ ಸರಿದರೆ ಆ ನಷ್ಟದ ಮಾತು ನಿಮ್ಮ ತಲೆಗೇ ಬರುತ್ತದೆ. ಮೊದಲು ಮ್ಯಾನೇಜರ್‌ಗೆ ಎದುರಿಗೆ ಹೇಳಿ, ಅದೇ ದಿನ ಎಚ್‌ಆರ್‌ಗೆ ಮೇಲ್ ಹಾಕಿ. ಎಚ್‌ಆರ್ ಮೂಲಕ ಸುದ್ದಿ ತಿಳಿದರೆ ಮ್ಯಾನೇಜರ್‌ಗೆ ಬೇಸರವಾಗುವುದು ಸಹಜ. ಮೇಲ್ ಇಷ್ಟಿದ್ದರೆ ಸಾಕು:

"ಈ ಕೋರ್ಸ್‌ಗೆ ನನ್ನನ್ನು ಆರಿಸಿದ್ದಕ್ಕೆ ಧನ್ಯವಾದ. ಒಪ್ಪಂದದ ಅವಧಿ ಮತ್ತು ಮರುಪಾವತಿ ಷರತ್ತನ್ನು ಓದಿದೆ. ಈಗಿನ ರೂಪದಲ್ಲಿ ಅದಕ್ಕೆ ಸಹಿ ಹಾಕಲು ನನಗೆ ಸಾಧ್ಯವಿಲ್ಲ, ಹಾಗಾಗಿ ಈ ಬಾರಿ ನನ್ನ ಹೆಸರನ್ನು ಕೈಬಿಡಿ. ನನ್ನ ಈಗಿನ ಕೆಲಸ ಎಂದಿನಂತೆ ನಡೆಯುತ್ತದೆ."

ಮನೆಯ ಕಷ್ಟ, ಆರೋಗ್ಯ ಎಂದೆಲ್ಲ ನೆಪ ಹೇಳಬೇಡಿ. ಮುಂದಿನ ಬ್ಯಾಚ್‌ಗೆ ಮತ್ತೆ ಕರೆದಾಗ ಆ ನೆಪ ಉಳಿದಿರುವುದಿಲ್ಲ. "3 ವರ್ಷ ಇಲ್ಲೇ ಇರುತ್ತೇನೋ ಗೊತ್ತಿಲ್ಲ" ಎಂದೂ ಬಾಯಿಬಿಡಬೇಡಿ, ಕೇಳಿದವರ ಕಿವಿಗೆ ಅದು ರಾಜೀನಾಮೆಯ ಮುನ್ಸೂಚನೆ. ಆಕ್ಷೇಪ ಷರತ್ತಿನ ಮೇಲಿರಲಿ. ಆಗ ಅವರೇ ಅವಧಿಯನ್ನು 1 ವರ್ಷಕ್ಕೆ ಇಳಿಸಲು ಮುಂದಾಗಬಹುದು; ಒಪ್ಪುವುದಾದರೆ ಬದಲಾದ ಪ್ರತಿ ಕೈಗೆ ಬರುವವರೆಗೆ ಬಾಯಿಮಾತಿನ ಭರವಸೆಯ ಮೇಲೆ ತರಗತಿಗೆ ಹೋಗಬೇಡಿ.

ಆಂತರಿಕ ಪೋರ್ಟಲ್‌ನಲ್ಲಿ ಈಗಾಗಲೇ ಒಪ್ಪಿಗೆ ಗುಂಡಿ ಒತ್ತಿದ್ದರೆ ಇವತ್ತೇ ಮೇಲ್ ಹಾಕಿ, ನೋಂದಣಿ ರದ್ದಾಯಿತೆಂಬ ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಈ ಕೋರ್ಸ್ ನಿಮ್ಮ ಹುದ್ದೆಗೆ ಕಡ್ಡಾಯ ಎಂದು ನೇಮಕಾತಿ ಪತ್ರದಲ್ಲೇ ಇದ್ದರೆ ಮಾತ್ರ ಮೇಲ್ ಕಳಿಸುವ ಮುಂಚೆ ಕಾರ್ಮಿಕ ಕಾನೂನು ತಿಳಿದ ವಕೀಲರಿಗೆ ಆ ಪತ್ರ ಮತ್ತು ಬಾಂಡ್ ಎರಡನ್ನೂ ತೋರಿಸಿ.